ಬಾಗಿಲು, ಕಿಟಕಿ ಮೇಲಿನ ಲಿಂಟಲ್ ಮತ್ತು ಸಜ್ಜಾ: ಕಾಂಕ್ರೀಟ್ ಎಷ್ಟು, ಕಂಬಿ ಎಷ್ಟು?

ಪಾಯಕ್ಕೆ ಎಷ್ಟು ಸೈಜುಗಲ್ಲು ಬೇಕು, ತಾರಸಿಗೆ ಎಷ್ಟು ಸಿಮೆಂಟ್ ಬೇಕು ಅಂತ ಮನೆ ಕಟ್ಟುವವರು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಲಿಂಟಲ್ ಮಟ್ಟಕ್ಕೆ ಗೋಡೆ ಬಂದಾಗ ಮಾತ್ರ ಲೆಕ್ಕವೇ ಇರುವುದಿಲ್ಲ. ಮೇಸ್ತ್ರಿ ಹೇಳಿದ ಅಂದಾಜಿಗೆ ಕಂಬಿ ತರಿಸುತ್ತಾರೆ. 12 ಎಂಎಂ ಉಳಿದುಬಿಡುತ್ತದೆ, 8 ಎಂಎಂ ಸಾಲುವುದಿಲ್ಲ. ಕೆಲಸ ನಿಲ್ಲಬಾರದು ಅಂತ ಕೊನೆಯ ಎರಡು ಕಿಟಕಿಯ ಸಜ್ಜಾಕ್ಕೆ ಕಂಬಿಯನ್ನು ದೂರ ದೂರ ಕಟ್ಟಿ ಕಾಂಕ್ರೀಟ್ ಹಾಕಿಬಿಡುತ್ತಾರೆ. ಮುಂದೆ ಬಿರುಕು ಬಿಡುವುದು ಅಂಥ ಸಜ್ಜಾಗಳೇ.

ಈ ಲೆಕ್ಕ ಕಷ್ಟದ್ದಲ್ಲ. ಒಂದು ಕಿಟಕಿಗೆ ಸರಿಯಾಗಿ ಹಾಕಿದರೆ ಇಡೀ ಮನೆಗೆ ಅದೇ ದಾರಿ. ಚಿಕ್ಕಮಗಳೂರಿನ ಹೊರವಲಯದ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಂಡು ಇಲ್ಲಿ ಪೂರ್ತಿ ಲೆಕ್ಕ ಮಾಡೋಣ.

ಮನೆ ಹೇಗಿದೆ

ಪಿಲ್ಲರ್ ಇಲ್ಲದ ಮನೆ. ತಾರಸಿಯ ಭಾರವನ್ನು ಗೋಡೆಯೇ ಹೊರುತ್ತದೆ. ಹೊರಗೋಡೆ, ಒಳಗೋಡೆ ಎರಡೂ 9 ಇಂಚಿನ ಇಟ್ಟಿಗೆ ಗೋಡೆ. ಒಂದೇ ಅಂತಸ್ತು. ಬಾಗಿಲು, ಕಿಟಕಿಗಳ ತಲೆ 7 ಅಡಿಗೆ ಬರುತ್ತದೆ, ತಾರಸಿಯ ಕೆಳಮೈ 10 ಅಡಿಗೆ. ಲಿಂಟಲ್ 9 ಇಂಚು ಅಗಲ, 6 ಇಂಚು ದಪ್ಪ. ಸಜ್ಜಾ ಗೋಡೆಯಿಂದ 2 ಅಡಿ ಹೊರಗೆ ಚಾಚುತ್ತದೆ. ಗೋಡೆಯ ಹತ್ತಿರ 4 ಇಂಚು ದಪ್ಪ, ತುದಿಯಲ್ಲಿ 3 ಇಂಚು. ಕೆಳಮೈ ಸಮ, ಮೇಲ್ಮೈ ಹೊರಗೆ ಇಳಿಜಾರು.

ಸಜ್ಜಾದ ಕೆಳಮೈ ಲಿಂಟಲ್‌ನ ಕೆಳಮೈಗೆ ಸಮನಾಗಿರಲಿ. ಹಾಗೆ ಮಾಡಿದರೆ ಸಜ್ಜಾದ ಮೇಲೆ ಲಿಂಟಲ್‌ನ 2 ಇಂಚು ಎದ್ದು ನಿಲ್ಲುತ್ತದೆ. ಮಲೆನಾಡಿನ ಗಾಳಿ ಮಳೆಯಲ್ಲಿ ಸಜ್ಜಾದ ಮೇಲೆ ಬಿದ್ದ ನೀರು ಗೋಡೆಯ ಕಡೆಗೂ ಚಿಮ್ಮುತ್ತದೆ. ಅಲ್ಲಿ ಇಟ್ಟಿಗೆಯ ಸಂದು ಇದ್ದರೆ ನೀರು ಒಳಗೆ ಹೋಗುತ್ತದೆ, ಕಾಂಕ್ರೀಟ್ ಇದ್ದರೆ ಹೋಗುವುದಿಲ್ಲ.

ಕಂಬಿಯ ಗಾತ್ರ ಈ ಮನೆಯ ಎಂಜಿನಿಯರ್ ಕೊಟ್ಟ ಡ್ರಾಯಿಂಗಿನದು. ನಿಮ್ಮ ಕಿಟಕಿ 6 ಅಡಿ ಅಗಲ ಇದ್ದರೆ, ಮೇಲೆ ಇನ್ನೊಂದು ಅಂತಸ್ತು ಬರುವುದಾದರೆ ಗಾತ್ರ ಬದಲಾಗುತ್ತದೆ. ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ಮೊದಲು ಪಟ್ಟಿ, ಆಮೇಲೆ ಉದ್ದ

ಪ್ಲಾನ್ ಹಿಡಿದುಕೊಂಡು ಬಾಗಿಲು, ಕಿಟಕಿಗಳನ್ನು ಎರಡು ಗುಂಪು ಮಾಡಿ. ಹೊರಗೋಡೆಯಲ್ಲಿ ಸಜ್ಜಾ ಇರುವವು ಒಂದು, ಒಳಗೋಡೆಯಲ್ಲಿ ಬರೀ ಲಿಂಟಲ್ ಇರುವವು ಇನ್ನೊಂದು. ಎರಡರ ಕಂಬಿಯೂ ಬೇರೆ, ಕಾಂಕ್ರೀಟೂ ಬೇರೆ. ಬೆರೆಸಿ ಬರೆದರೆ ಲೆಕ್ಕ ಅಲ್ಲೇ ಕೆಡುತ್ತದೆ.

ಲಿಂಟಲ್ ಎರಡೂ ಕಡೆ ಗೋಡೆಯ ಮೇಲೆ ಕೂರಬೇಕು. ಒಳಬಾಗಿಲಿಗೆ ಒಂದೊಂದು ಕಡೆ 6 ಇಂಚು ಸಾಕು. ಸಜ್ಜಾ ಹೊರುವ ಲಿಂಟಲ್‌ಗೆ ಒಂದು ಇಟ್ಟಿಗೆಯ ಉದ್ದ, ಅಂದರೆ 9 ಇಂಚು ಕೊಡಿ. ಇದು ಭಾರಕ್ಕೆ ಬಾಗುವುದಷ್ಟೇ ಅಲ್ಲ, ಸಜ್ಜಾದ ಎಳೆತಕ್ಕೆ ತಿರುಚಿಕೊಳ್ಳಲೂ ನೋಡುತ್ತದೆ. ಕೂರುವ ಜಾಗ ಕಮ್ಮಿಯಾದರೆ ಅದು ನಾಲ್ಕಾರು ವರ್ಷದಲ್ಲಿ ಗೋಡೆಯಲ್ಲೇ ಕಾಣಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಬಿರುಕು ಹೋಗಿರುತ್ತದೆ.

ಈ ಮನೆಯಲ್ಲಿ ಸಜ್ಜಾ ಇರುವವು ಒಂಬತ್ತು. ಮೂರೂವರೆ ಅಡಿಯ ಮುಂಬಾಗಿಲು ಒಂದು, 4 ಅಡಿಯ ಕಿಟಕಿ ನಾಲ್ಕು, 3 ಅಡಿಯ ಅಡುಗೆಮನೆ ಕಿಟಕಿ ಒಂದು, 3 ಅಡಿಯ ಹಿಂಬಾಗಿಲು ಒಂದು, ಬಚ್ಚಲುಮನೆಯ 2 ಅಡಿಯ ವೆಂಟಿಲೇಟರ್ ಎರಡು. ಪ್ರತಿಯೊಂದರ ಅಗಲಕ್ಕೂ ಒಂದೂವರೆ ಅಡಿ ಕೂಡಿಸಿದರೆ ಲಿಂಟಲ್ ಉದ್ದ ಸಿಗುತ್ತದೆ. 5 ಅಡಿಯದು ಒಂದು, ಐದೂವರೆ ಅಡಿಯದು ನಾಲ್ಕು, ನಾಲ್ಕೂವರೆ ಅಡಿಯದು ಎರಡು, ಮೂರೂವರೆ ಅಡಿಯದು ಎರಡು. ಒಟ್ಟು 43 ಅಡಿ. ಸಜ್ಜಾದ ಉದ್ದವೂ ಇಷ್ಟೇ.

ಒಳಗೆ 3 ಅಡಿಯ ಬಾಗಿಲು ಮೂರು, ಎರಡೂವರೆ ಅಡಿಯ ಬಚ್ಚಲುಬಾಗಿಲು ಎರಡು. ಅಗಲಕ್ಕೆ 1 ಅಡಿ ಕೂಡಿಸಿದರೆ ಒಟ್ಟು ಲಿಂಟಲ್ 19 ಅಡಿ.

ಬಾಗಿಲಿನ ಅಗಲ ಅಂದರೆ ಗೋಡೆಯಲ್ಲಿ ಬಿಟ್ಟ ಜಾಗದ ಅಗಲ, ಚೌಕಟ್ಟು ಸೇರಿ. ಬಡಗಿ ಹೇಳುವ ಅಳತೆ ಕೆಲವೊಮ್ಮೆ ಚೌಕಟ್ಟಿನ ಒಳಗಿನದಾಗಿರುತ್ತದೆ. ಗೋಡೆಯಲ್ಲೇ ಟೇಪ್ ಹಿಡಿದು ನೋಡಿ.

ಕಾಂಕ್ರೀಟ್ ಲೆಕ್ಕ

ಒಂದು ಅಡಿ ಉದ್ದಕ್ಕೆ ಎಷ್ಟು ಅಂತ ತಿಳಿದುಕೊಂಡರೆ ಮುಂದಿನದು ಬರೀ ಗುಣಾಕಾರ.

ಲಿಂಟಲ್: ಮುಕ್ಕಾಲು ಅಡಿ ಅಗಲ, ಅರ್ಧ ಅಡಿ ದಪ್ಪ. ಗುಣಿಸಿದರೆ ಒಂದು ಅಡಿಗೆ 0.375 ಘನ ಅಡಿ.

ಸಜ್ಜಾ: 2 ಅಡಿ ಚಾಚು, ಸರಾಸರಿ ದಪ್ಪ ಮೂರೂವರೆ ಇಂಚು. ಒಂದು ಅಡಿಗೆ 0.583 ಘನ ಅಡಿ.

ನೋಡಿ, ಸಜ್ಜಾಕ್ಕೇ ಲಿಂಟಲ್‌ಗಿಂತ ಜಾಸ್ತಿ ಕಾಂಕ್ರೀಟ್ ಹೋಗುತ್ತದೆ. ಲಿಂಟಲ್ ಮಾತ್ರ ಎಣಿಸಿ ಸಿಮೆಂಟ್ ತಂದವರಿಗೆ ಅರ್ಧ ದಾರಿಯಲ್ಲಿ ಚೀಲ ಖಾಲಿಯಾಗುವುದು ಇದೇ ಕಾರಣಕ್ಕೆ.

ಈಗ 4 ಅಡಿ ಕಿಟಕಿ ತೆಗೆದುಕೊಳ್ಳಿ. ಐದೂವರೆ ಅಡಿ ಉದ್ದಕ್ಕೆ ಲಿಂಟಲ್ 2.06 ಘನ ಅಡಿ, ಸಜ್ಜಾ 3.21 ಘನ ಅಡಿ, ಒಟ್ಟು 5.27 ಘನ ಅಡಿ. ಇಡೀ ಮನೆಗೆ ಸಜ್ಜಾ ಇರುವ 43 ಅಡಿಗೆ 41.2, ಒಳಗಿನ 19 ಅಡಿಗೆ 7.1. ಎರಡೂ ಸೇರಿ 48.3 ಘನ ಅಡಿ. ಮೀಟರಿನಲ್ಲಿ ಹೇಳಿದರೆ ಸುಮಾರು 1.37 ಘನ ಮೀಟರ್.

ಇದು ಗಟ್ಟಿಯಾದ ಕಾಂಕ್ರೀಟಿನ ಅಳತೆ. ಒಣ ಸಾಮಾನು ಇದಕ್ಕಿಂತ ಜಾಸ್ತಿ ಬೇಕು, ಯಾಕೆಂದರೆ ಜಲ್ಲಿಯ ಸಂದಿಗೆ ಮರಳು ಇಳಿಯುತ್ತದೆ, ಮರಳಿನ ಸಂದಿಗೆ ಸಿಮೆಂಟ್ ಇಳಿಯುತ್ತದೆ. ಅದಕ್ಕೆ 1.54ರಿಂದ ಗುಣಿಸುವುದು ರೂಢಿ. 48.3 × 1.54 = 74.4 ಘನ ಅಡಿ ಒಣ ಸಾಮಾನು. ಎಂ20 ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ, ಒಟ್ಟು ಐದೂವರೆ ಪಾಲು. 74.4ನ್ನು 5.5ರಿಂದ ಭಾಗಿಸಿದರೆ ಒಂದು ಪಾಲು 13.5 ಘನ ಅಡಿ.

50 ಕೆಜಿಯ ಒಂದು ಚೀಲ ಸಿಮೆಂಟ್ ಅಂದರೆ 1.23 ಘನ ಅಡಿ. ಹಾಗಾಗಿ ಸಿಮೆಂಟ್ 11 ಚೀಲ. ಎಂ-ಸ್ಯಾಂಡ್ 20.3 ಘನ ಅಡಿ, ಜಲ್ಲಿ 40.6 ಘನ ಅಡಿ. ಚೆಲ್ಲಿ ಹೋಗುವುದಕ್ಕೆ ನೂರಕ್ಕೆ ಐದು ಸೇರಿಸಿ. ಲಿಂಟಲ್ ಕಾಂಕ್ರೀಟಿಗೆ ಮಿಕ್ಸರ್ ತರಿಸುವುದು ಕಮ್ಮಿ, ನೆಲದ ಮೇಲೆ ಸಲಿಕೆಯಲ್ಲೇ ಕಲಸುತ್ತಾರೆ. ಕೈಯಲ್ಲಿ ಕಲಸಿದರೆ ಸಿಮೆಂಟ್ ಮಾತ್ರ ನೂರಕ್ಕೆ ಹತ್ತು ಜಾಸ್ತಿ ಹಾಕಬೇಕು. ಒಟ್ಟಿನಲ್ಲಿ 13 ಚೀಲ ಸಿಮೆಂಟ್, 22 ಘನ ಅಡಿ ಎಂ-ಸ್ಯಾಂಡ್, 43 ಘನ ಅಡಿ ಜಲ್ಲಿ ಅಂತ ಬರೆದುಕೊಳ್ಳಿ.

ಜಲ್ಲಿ ಬರೀ 20 ಎಂಎಂ ತರಿಸಬೇಡಿ. ಸಜ್ಜಾದ ತುದಿ 3 ಇಂಚು ದಪ್ಪ, ಅದರೊಳಗೆ ಅಡ್ಡ, ಉದ್ದ ಕಂಬಿ. ದೊಡ್ಡ ಜಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡು ಕೆಳಗೆ ಗೂಡು ಗೂಡಾಗುತ್ತದೆ. ಸಜ್ಜಾಕ್ಕೆ 12 ಎಂಎಂ ಜಲ್ಲಿಯೇ ಒಳ್ಳೆಯದು. ಬೇರೆ ಬೇರೆ ಕಲಸುವುದು ಆಗದಿದ್ದರೆ ಅರ್ಧ 20, ಅರ್ಧ 12 ಬೆರೆಸಿ.

ಅಳತೆಗೆ ಒಂದು ಮರದ ಪೆಟ್ಟಿಗೆ ಮಾಡಿಸಿ. ಒಳಗಡೆ 13 ಇಂಚು ಉದ್ದ, 13 ಇಂಚು ಅಗಲ, ಹನ್ನೆರಡೂವರೆ ಇಂಚು ಎತ್ತರ ಇದ್ದರೆ ಅದು ಒಂದು ಚೀಲ ಸಿಮೆಂಟಿಗೆ ಸಮ. ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ನೀರು 30 ಲೀಟರ್ ಮೀರಬಾರದು. ಬಾಂಡ್ಲಿ ಲೆಕ್ಕದಲ್ಲಿ ಒಂದು ಸಲ ತಲೆ ಕಟ್ಟಿ ತುಂಬುತ್ತಾರೆ, ಇನ್ನೊಂದು ಸಲ ಅರ್ಧವೇ ತುಂಬುತ್ತಾರೆ. ಮಳೆಗೆ ನೆಂದ ಮರಳು ಉಬ್ಬುತ್ತದೆ ಅನ್ನುವುದೂ ನೆನಪಿರಲಿ. ಪೆಟ್ಟಿಗೆ ತುಂಬಿದ ಹಾಗೆ ಕಂಡರೂ ಒಳಗೆ ಮರಳು ಕಮ್ಮಿ, ನೀರು ಜಾಸ್ತಿ. ಅಂಥ ದಿನ ಮರಳನ್ನು ಸ್ವಲ್ಪ ಹೆಚ್ಚಿಗೆ ಹಾಕಿ, ನೀರನ್ನು ಅಷ್ಟೇ ಕಡಿಮೆ ಮಾಡಿ.

ಕಂಬಿ: ಲಿಂಟಲ್‌ಗೆ ಕೆಳಗೆ, ಸಜ್ಜಾಕ್ಕೆ ಮೇಲೆ

ಲಿಂಟಲ್ ಎರಡು ತುದಿಯಲ್ಲಿ ಕೂತು ನಡುವೆ ಬಾಗುತ್ತದೆ. ಹಾಗಾಗಿ ಅದರ ಕೆಳಭಾಗ ಹಿಗ್ಗುತ್ತದೆ. ಮುಖ್ಯ ಕಂಬಿ ಕೆಳಗೆ ಬೇಕು. ಸಜ್ಜಾ ಒಂದೇ ಕಡೆ ಹಿಡಿತ ಇಟ್ಟುಕೊಂಡು ಹೊರಗೆ ಚಾಚುತ್ತದೆ, ತುದಿ ಕೆಳಗೆ ಬಾಗುತ್ತದೆ. ಅದರ ಮೇಲ್ಭಾಗ ಹಿಗ್ಗುತ್ತದೆ. ಮುಖ್ಯ ಕಂಬಿ ಮೇಲೆ ಬೇಕು. ಇದು ಗೊತ್ತಿದ್ದರೆ ಕಂಬಿ ಕಟ್ಟಿದ್ದನ್ನು ನೀವೇ ನೋಡಿ ಸರಿ, ತಪ್ಪು ಹೇಳಬಹುದು.

4 ಅಡಿ ಕಿಟಕಿಯ ಲಿಂಟಲ್‌ಗೆ ಕೆಳಗೆ 12 ಎಂಎಂ ಎರಡು, ಮೇಲೆ 10 ಎಂಎಂ ಎರಡು, 8 ಎಂಎಂ ರಿಂಗು 4 ಇಂಚಿಗೆ ಒಂದು. ಸಜ್ಜಾ ಇಲ್ಲದ ಲಿಂಟಲ್‌ಗೆ 6 ಇಂಚಿಗೆ ಒಂದು ರಿಂಗು ಕಟ್ಟುತ್ತಾರೆ. ಇಲ್ಲಿ ಒತ್ತಾಗಿ ಕಟ್ಟುವುದು ತಿರುಚುವ ಬಲಕ್ಕೆ.

ಕೆಳಗಿನ ಕಂಬಿಯ ಉದ್ದ: ಐದೂವರೆ ಅಡಿಯಲ್ಲಿ ಎರಡೂ ತುದಿಗೆ ಒಂದೊಂದು ಇಂಚು ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಕಳೆದು, ತುದಿಗಳನ್ನು ಮೇಲಕ್ಕೆ ಬಗ್ಗಿಸಲು ನಾಲ್ಕು ನಾಲ್ಕು ಇಂಚು ಕೂಡಿಸಿದರೆ ಸರಿಯಾಗಿ 6 ಅಡಿ. ಎರಡು ಕಂಬಿಗೆ 12 ಅಡಿ. ಮೇಲಿನದು ನೇರ, 5 ಅಡಿ 4 ಇಂಚು. ಎರಡಕ್ಕೆ 10.7 ಅಡಿ.

ರಿಂಗು: ಸುತ್ತ ಒಂದಿಂಚು ಕವರ್ ಬಿಟ್ಟರೆ ಅಳತೆ 7 ಇಂಚು, 4 ಇಂಚು. ಸುತ್ತಳತೆ 22 ಇಂಚು, ಎರಡು ಕೊಕ್ಕೆಗೆ 6 ಇಂಚು. ಒಂದು ರಿಂಗಿಗೆ 28 ಇಂಚು. 64 ಇಂಚಿನಲ್ಲಿ 4 ಇಂಚಿಗೊಂದರಂತೆ 16 ಅಂತರ, ಅಂದರೆ 17 ರಿಂಗು. ಅಂತರಕ್ಕಿಂತ ರಿಂಗು ಯಾವಾಗಲೂ ಒಂದು ಜಾಸ್ತಿ. ಆ ಒಂದನ್ನು ಮರೆತರೆ ಇಡೀ ಮನೆಗೆ ಹದಿನಾಲ್ಕು ರಿಂಗು ಕಮ್ಮಿ ಬೀಳುತ್ತದೆ. 17 ರಿಂಗಿಗೆ 8 ಎಂಎಂ ಕಂಬಿ 39.7 ಅಡಿ.

ಸಜ್ಜಾದ ಮುಖ್ಯ ಕಂಬಿ 8 ಎಂಎಂ, 6 ಇಂಚಿಗೆ ಒಂದು. ಇದರ ಉದ್ದವನ್ನೇ ಜನ ಕಮ್ಮಿ ಹಿಡಿಯುವುದು. 2 ಅಡಿ ಸಜ್ಜಾ ಅಂತ ಎರಡೂವರೆ ಅಡಿ ಕತ್ತರಿಸುತ್ತಾರೆ, ಅದು ಲಿಂಟಲ್‌ನೊಳಗೆ ಅರ್ಧ ಅಡಿ ಹೋಗಿ ನಿಲ್ಲುತ್ತದೆ. ಅಷ್ಟು ಹಿಡಿತ ಸಾಲದು. ಕಂಬಿ ಹೋಗುವ ದಾರಿಯನ್ನು ತುದಿಯಿಂದ ನೋಡಿ. ತುದಿಯಲ್ಲಿ 2 ಇಂಚು ಕೆಳಗೆ ಬಗ್ಗಿರುತ್ತದೆ. ಅಲ್ಲಿಂದ ಸಜ್ಜಾದ ಮೇಲ್ಭಾಗದಲ್ಲೇ 23 ಇಂಚು ಗೋಡೆಯ ಕಡೆ ಬರುತ್ತದೆ. ಲಿಂಟಲ್ ಒಳಗೆ ಮನೆಯ ಕಡೆಯ ಅಂಚಿನ ತನಕ 8 ಇಂಚು ಹೋಗುತ್ತದೆ. ಅಲ್ಲಿ 2 ಇಂಚು ಕೆಳಗಿಳಿದು, ಲಿಂಟಲ್‌ನ ಕೆಳಗಿನ ಕಂಬಿಯನ್ನು ಅಪ್ಪಿಕೊಂಡು ಮತ್ತೆ ಹೊರಗಿನ ಕಡೆಗೆ 7 ಇಂಚು ಬರುತ್ತದೆ. ಎಲ್ಲ ಕೂಡಿದರೆ 42 ಇಂಚು, ಮೂರೂವರೆ ಅಡಿ. ಇದರಲ್ಲಿ 17 ಇಂಚು ಲಿಂಟಲ್‌ನೊಳಗೇ ಇದೆ. ಸಜ್ಜಾ ನಿಂತಿರುವುದು ಆ 17 ಇಂಚಿನ ಮೇಲೆ.

64 ಇಂಚಿನಲ್ಲಿ 6 ಇಂಚಿಗೊಂದರಂತೆ 12 ಕಂಬಿ, ಮೂರೂವರೆಯಂತೆ 42 ಅಡಿ. ಅದಕ್ಕೆ ಅಡ್ಡಲಾಗಿ, ಗೋಡೆಯ ಉದ್ದಕ್ಕೆ ಸಮನಾಗಿ 8 ಎಂಎಂ ನಾಲ್ಕು ಸಾಲು, 21.3 ಅಡಿ.

ಇನ್ನು ತೂಕ. ಕಂಬಿಯ ಗಾತ್ರವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. ಅಡಿಗೆ ಇಳಿಸಿದರೆ 8 ಎಂಎಂ 0.12 ಕೆಜಿ, 10 ಎಂಎಂ 0.19 ಕೆಜಿ, 12 ಎಂಎಂ 0.27 ಕೆಜಿ. ನಮ್ಮ ಕಿಟಕಿಗೆ 12 ಎಂಎಂ ಮೂರೂಕಾಲು ಕೆಜಿ, 10 ಎಂಎಂ 2 ಕೆಜಿ, 8 ಎಂಎಂ 12.4 ಕೆಜಿ. ಒಟ್ಟು ಹದಿನೇಳೂವರೆ ಕೆಜಿ ಚಿಲ್ಲರೆ.

"ಒಂದು ಕಿಟಕಿಗೆ ಹದಿನೇಳು ಕೆಜಿನಾ ಸಾರ್?" ಅಂತ ಮೇಸ್ತ್ರಿ ಕೇಳಿದರೆ ಈ ಚೀಟಿ ತೋರಿಸಿ. ಅದರಲ್ಲಿ ನೂರಕ್ಕೆ ಎಪ್ಪತ್ತು ಭಾಗ 8 ಎಂಎಂ ಕಂಬಿಯೇ. ಲಿಂಟಲ್ ಅಂದ ತಕ್ಷಣ 12 ಎಂಎಂ ಕಟ್ಟು ತರಿಸುವವರಿಗೆ 8 ಎಂಎಂ ಸಾಲದೆ ಬರುವುದು ಇಲ್ಲೇ.

ಇಡೀ ಮನೆಗೆ ಎಷ್ಟು ಕಂಬಿ

ಇದೇ ರೀತಿ ಒಂಬತ್ತಕ್ಕೂ ಮಾಡಿದರೆ ಸಜ್ಜಾ ಇರುವ ಲಿಂಟಲ್‌ಗಳಿಗೆ 12 ಎಂಎಂ 95 ಅಡಿ, 10 ಎಂಎಂ 83 ಅಡಿ ಬರುತ್ತದೆ. 134 ರಿಂಗಿಗೆ 313 ಅಡಿ, ಸಜ್ಜಾದ 95 ಮುಖ್ಯ ಕಂಬಿಗೆ 333 ಅಡಿ, ಅಡ್ಡ ಸಾಲಿಗೆ 166 ಅಡಿ. ಈ ಮೂರೂ 8 ಎಂಎಂ.

ಒಳಬಾಗಿಲುಗಳಿಗೆ ಕೆಳಗೆ 10 ಎಂಎಂ ಎರಡು, ಮೇಲೆ 8 ಎಂಎಂ ಎರಡು, ರಿಂಗು 6 ಇಂಚಿಗೆ ಒಂದು. ಐದು ಲಿಂಟಲ್‌ಗೆ 10 ಎಂಎಂ 43 ಅಡಿ, 8 ಎಂಎಂ 136 ಅಡಿ.

ಒಟ್ಟು ಕೂಡಿದರೆ 8 ಎಂಎಂ 948 ಅಡಿ, 10 ಎಂಎಂ 126 ಅಡಿ, 12 ಎಂಎಂ 95 ಅಡಿ. ತೂಕ ಸುಮಾರು 164 ಕೆಜಿ.

ಅಂಗಡಿಯಲ್ಲಿ ಕಂಬಿ ಸಿಗುವುದು 12 ಮೀಟರ್ ಉದ್ದಕ್ಕೆ. 40 ಅಡಿ ಅಂತ ಬಾಯಲ್ಲಿ ಹೇಳುತ್ತಾರೆ, ನಿಜಕ್ಕೂ ಇರುವುದು 39 ಅಡಿ 4 ಇಂಚು. ಆ ಎಂಟು ಇಂಚು ರಿಂಗಿನಲ್ಲಿ ಲೆಕ್ಕಕ್ಕೆ ಬರುತ್ತದೆ. 40 ಅಡಿಯಲ್ಲಿ 28 ಇಂಚಿನ ತುಂಡು 17 ಬರಬೇಕು, ನಿಜವಾಗಿ ಬರುವುದು 16. ಸಜ್ಜಾದ ಮೂರೂವರೆ ಅಡಿ ತುಂಡು ಒಂದು ಕಂಬಿಗೆ 11 ಬರುತ್ತದೆ, ಉಳಿಯುವ ತುಂಡು 10 ಇಂಚು ಮಾತ್ರ. ಇದೆಲ್ಲ ಸೇರಿಸಿ ನೋಡಿದರೆ 8 ಎಂಎಂ 26 ಕಂಬಿ, 10 ಎಂಎಂ 4 ಕಂಬಿ, 12 ಎಂಎಂ 3 ಕಂಬಿ ತರಿಸಬೇಕು. ಅದರ ತೂಕ 185 ಕೆಜಿ ಆಗುತ್ತದೆ. ಉಳಿಯುವ 10 ಮತ್ತು 12 ಎಂಎಂ ತುಂಡುಗಳು ದೊಡ್ಡವೇ ಇರುತ್ತವೆ, ತಾರಸಿಗೆ ಉಪಯೋಗಕ್ಕೆ ಬರುತ್ತವೆ. ಬೈಂಡಿಂಗ್ ವೈರ್ 2 ಕೆಜಿ ಸಾಕು.

ಕಂಬಿ ಇಳಿಸುವಾಗ ಎಣಿಸುವುದರ ಜೊತೆಗೆ ತೂಕವನ್ನೂ ನೋಡಿ. 8 ಎಂಎಂನ ಒಂದು ಪೂರ್ತಿ ಕಂಬಿ 4.74 ಕೆಜಿ ಬರಬೇಕು. ಕಂಬಿಗೆ ಇರುವ ಭಾರತೀಯ ಮಾನದಂಡ ಐಎಸ್ 1786ರ ಪ್ರಕಾರ 10 ಎಂಎಂ ತನಕದ ಕಂಬಿಗೆ ನೂರಕ್ಕೆ ಏಳರಷ್ಟು ಹೆಚ್ಚು ಕಮ್ಮಿ ನಡೆಯುತ್ತದೆ. ಹತ್ತು ಕಂಬಿ ಒಟ್ಟಿಗೆ ತೂಗಿದಾಗ 44 ಕೆಜಿಗಿಂತ ಕಮ್ಮಿ ಬಂದರೆ ಅದು 8 ಎಂಎಂ ಲೆಕ್ಕಕ್ಕೆ ಸೇರುವ ಕಂಬಿ ಅಲ್ಲ. ವಾಪಸ್ ಕಳಿಸಿ.

ಕಾಂಕ್ರೀಟ್ ಹಾಕುವ ಮೊದಲು ಪಕ್ಕದಿಂದ ನೋಡಿ

ಕಂಬಿಯನ್ನು ಮೇಲೆ ಕಟ್ಟಿರುತ್ತಾರೆ. ಆದರೆ ಕಾಂಕ್ರೀಟ್ ಹಾಕುವವರು ಅದರ ಮೇಲೇ ಕಾಲಿಡುತ್ತಾರೆ, ಬಾಂಡ್ಲಿ ಇಡುತ್ತಾರೆ. 8 ಎಂಎಂ ಕಂಬಿ ಬಗ್ಗಿ ಹಲಗೆಗೆ ಹತ್ತಿರ ಹೋಗುತ್ತದೆ. ಮೇಲಿನಿಂದ ನೋಡಿದರೆ ಅದು ಗೊತ್ತಾಗುವುದೇ ಇಲ್ಲ. ಸಜ್ಜಾದ ಪಕ್ಕದಲ್ಲಿ ನಿಂತು, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ನೋಡಿ. ಗೋಡೆಯ ಹತ್ತಿರ ಹಲಗೆಗೂ ಕಂಬಿಗೂ ಎರಡೂವರೆ ಇಂಚಿನಷ್ಟು ಬೆಳಕು ಕಾಣಬೇಕು. ಕಾಣದಿದ್ದರೆ ತುಂಡು ಕಂಬಿ ಬಗ್ಗಿಸಿ ಎರಡೂವರೆ ಇಂಚು ಎತ್ತರದ ಕುರ್ಚಿ ಮಾಡಿ ಒಂದೂವರೆ ಅಡಿಗೆ ಒಂದರಂತೆ ಕೊಡಿಸಿ. ಕೆಳಗಿನ ಲಿಂಟಲ್ ಕಂಬಿಗೆ ಒಂದಿಂಚಿನ ಕವರ್ ಬ್ಲಾಕ್ ಇರಬೇಕು. ಇಟ್ಟಿಗೆ ಚೂರು ಇಡಬೇಡಿ, ಅದು ನೀರು ಕುಡಿದು ಕಂಬಿಗೆ ತುಕ್ಕು ಹಿಡಿಸುತ್ತದೆ.

ಕಂಬಿ ಕೆಳಗೆ ಹೋದ ಸಜ್ಜಾವನ್ನು ಆಮೇಲೆ ಗುರುತಿಸುವುದು ಸುಲಭ. ಮೇಲ್ಮೈಯಲ್ಲಿ, ಗೋಡೆಗೆ ಸೇರುವ ಜಾಗದಲ್ಲೇ ಉದ್ದಕ್ಕೆ ಒಂದು ಗೆರೆ ಬಿರುಕು ಇರುತ್ತದೆ. ಮಳೆಗಾಲದಲ್ಲಿ ಅದರಿಂದ ನೀರು ಇಳಿದು ಕಿಟಕಿಯ ಒಳಮೈ ಹಸಿಯಾಗುತ್ತದೆ. ಪ್ಲಾಸ್ಟರ್ ಬಳಿದರೆ ಬಿರುಕು ಕಾಣುವುದು ನಿಲ್ಲುತ್ತದೆ, ಬಲ ಬರುವುದಿಲ್ಲ.

ಲಿಂಟಲ್ ಮತ್ತು ಸಜ್ಜಾ ಎರಡನ್ನೂ ಒಂದೇ ಸಲಕ್ಕೆ ಹಾಕಬೇಕು. ಇವತ್ತು ಲಿಂಟಲ್, ನಾಳೆ ಸಜ್ಜಾ ಅಂದರೆ ಎಲ್ಲಕ್ಕಿಂತ ಜಾಸ್ತಿ ಎಳೆತ ಬೀಳುವ ಜಾಗದಲ್ಲೇ ಬೆಸುಗೆ ಇಲ್ಲದ ಸಂದು ಬೀಳುತ್ತದೆ. 4 ಅಡಿ ಕಿಟಕಿಗೆ ಒಂದೂಕಾಲು ಚೀಲದ ಕಾಂಕ್ರೀಟ್ ಬೇಕು, ಅಷ್ಟನ್ನು ಲೆಕ್ಕ ಇಟ್ಟು ಕಲಸಿ.

ಆಸರೆ ಯಾವಾಗ ತೆಗೆಯಬಹುದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಾಂಕ್ರೀಟ್ ಎಷ್ಟೇ ಗಟ್ಟಿಯಾಗಿರಲಿ, ಸಜ್ಜಾ ಇರುವ ಬಿಡಿ ಲಿಂಟಲ್ ತಾನಾಗಿ ನಿಲ್ಲುವುದಿಲ್ಲ. ಹೊರಗೆ ಮಗುಚಿಕೊಳ್ಳುತ್ತದೆ.

ಲೆಕ್ಕ ನೋಡಿ. ಕಂಬಿ ಸೇರಿದ ಕಾಂಕ್ರೀಟ್ ಒಂದು ಘನ ಅಡಿಗೆ ಸುಮಾರು 71 ಕೆಜಿ. ಒಂದು ಅಡಿ ಉದ್ದದ ಸಜ್ಜಾ 41 ಕೆಜಿ, ಅದರ ಭಾರ ಗೋಡೆಯ ಹೊರ ಅಂಚಿನಿಂದ ಹನ್ನೊಂದೂವರೆ ಇಂಚು ಆಚೆ. ಗುಣಿಸಿದರೆ 470. ಒಂದು ಅಡಿ ಲಿಂಟಲ್ ಇಪ್ಪತ್ತಾರೂವರೆ ಕೆಜಿ, ಅದರ ಭಾರ ಅಂಚಿನಿಂದ ನಾಲ್ಕೂವರೆ ಇಂಚು ಒಳಗೆ. ಗುಣಿಸಿದರೆ 120. ಹೊರಗೆ ಎಳೆಯುವುದು 470, ಹಿಡಿದುಕೊಳ್ಳುವುದು 120.

ಮೇಲೆ ಎರಡೂವರೆ ಅಡಿ ಗೋಡೆ ಕಟ್ಟಿದ ಮೇಲೆ ಆ ಗೋಡೆ ಒಂದು ಅಡಿಗೆ 100 ಕೆಜಿ ಭಾರ ಹೇರುತ್ತದೆ. ಹಿಡಿತಕ್ಕೆ 450 ಸೇರಿ 570 ಆಗುತ್ತದೆ. ಈಗ ಅಂತೂ ಸರಿದೂಗಿತು, ಆದರೆ ಮಿಗುವುದು ತುಂಬಾ ಕಮ್ಮಿ. ತಾರಸಿಯ ಸೆಂಟ್ರಿಂಗ್ ಮಾಡುವ ಹುಡುಗ ಸಜ್ಜಾದ ತುದಿಯಲ್ಲಿ ನಿಂತು ಹಲಗೆ ಎತ್ತಿದರೆ ಆ ಮಿಗುವುದೂ ಹೋಯಿತು. ಹೊಸ ಗಾರೆ ಇನ್ನೂ ಹಸಿ ಇರುತ್ತದೆ, ಅದೂ ಹಿಡಿಯುವುದಿಲ್ಲ. ತಾರಸಿ ಬಂದು ಗೋಡೆಯ ಮೇಲೆ ಕೂತಾಗಲೇ ಸಜ್ಜಾಕ್ಕೆ ನಿಜವಾದ ಭದ್ರತೆ.

ಅದಕ್ಕೆ ಪಕ್ಕದ ಹಲಗೆಗಳನ್ನು ಮಾರನೇ ದಿನ ತೆಗೆಯಿರಿ, ಅಡ್ಡಿಯಿಲ್ಲ. ಲಿಂಟಲ್ ಕೆಳಗಿನ ಆಸರೆ 14 ದಿನ ಇರಲಿ. ಸಜ್ಜಾದ ತುದಿಯ ಕೆಳಗಿನ ಕಂಬಗಳನ್ನು ಮಾತ್ರ ತಾರಸಿ ಹಾಕಿ ಅದು ಗಟ್ಟಿಯಾಗುವ ತನಕ ಮುಟ್ಟಬೇಡಿ. ಐದೂವರೆ ಅಡಿ ಸಜ್ಜಾಕ್ಕೆ ಎರಡು ಸರ್ವೆ ಕಂಬ ಸಾಕು. ಸೆಂಟ್ರಿಂಗ್‌ನವರು "ಹಲಗೆ ಬೇಕು ಅಣ್ಣಾ, ಬಿಚ್ಚಿಬಿಡ್ತೀವಿ" ಅಂತ ಬಂದರೆ ಹಲಗೆ ಕೊಡಿ, ಆ ಕಂಬ ಕೊಡಬೇಡಿ. ಈಗ ಸಿಗುವ ಪಿಪಿಸಿ ಸಿಮೆಂಟ್ ನಿಧಾನಕ್ಕೆ ಬಲ ತೆಗೆದುಕೊಳ್ಳುತ್ತದೆ, ಹಾಗಾಗಿ ಕನಿಷ್ಠ 10 ದಿನ ನೀರು ಹಾಕಿ. ಸಜ್ಜಾದ ಅಂಚಿಗೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದಕ್ಕಿಂತ ಒದ್ದೆ ಗೋಣಿಚೀಲ ಹೊದಿಸುವುದು ಒಳ್ಳೆಯದು, ಭಾರ ಕಮ್ಮಿ.

ಮೂಡಿಗೆರೆಗೆ ಎರಡೂವರೆ ಅಡಿ, ಕಡೂರಿಗೆ ಒಂದೂವರೆ

ಕಡೂರು, ಅರಸೀಕೆರೆ ಕಡೆ ಮಳೆ ಕಮ್ಮಿ, ಒಂದೂವರೆ ಅಡಿ ಸಜ್ಜಾ ಸಾಕು. ಮೂಡಿಗೆರೆ, ಸಕಲೇಶಪುರದಲ್ಲಿ ಪಡುವಣ ಗಾಳಿಗೆ ಮಳೆ ಅಡ್ಡ ಹೊಡೆಯುತ್ತದೆ, ಎರಡೂವರೆ ಅಡಿ ಕೇಳುತ್ತಾರೆ. ಅರ್ಧ ಅಡಿ ತಾನೇ ಅಂತ ಅನ್ನಿಸಬಹುದು. ಕಾಂಕ್ರೀಟ್ ಕಾಲು ಭಾಗ ಜಾಸ್ತಿಯಾದರೆ ಮಗುಚುವ ಎಳೆತ ಒಂದೂವರೆ ಪಟ್ಟು ಮೀರುತ್ತದೆ. ಮೇಲಿನ 470 ಹೋಗಿ 740 ಆಗುತ್ತದೆ. ಗೋಡೆ ಹಿಡಿಯುವುದು ಅದೇ 570. ಹಾಗಾಗಿ 2 ಅಡಿ ಮೀರಿದ ಸಜ್ಜಾವನ್ನು ಬಿಡಿ ಲಿಂಟಲ್‌ಗೆ ನೇತುಹಾಕಬೇಡಿ. ಗೋಡೆಯ ಹತ್ತಿರದ ದಪ್ಪ, ಕಂಬಿಯ ಅಂತರ ಎಲ್ಲವನ್ನೂ ಎಂಜಿನಿಯರ್ ಹತ್ತಿರ ಹೊಸದಾಗಿ ಬರೆಸಿ. ಅಲ್ಲಿ ಮನೆಯ ಸುತ್ತಲೂ ಓಡುವ ರನ್ನಿಂಗ್ ಲಿಂಟಲ್ ಹಾಕುವುದು ಸರಿ. ಅದು ಮೂಲೆಯಲ್ಲಿ ತಿರುಗಿ ಅಡ್ಡಗೋಡೆಗೂ ಹಿಡಿದುಕೊಳ್ಳುವುದರಿಂದ ತಿರುಚಿಕೊಳ್ಳಲು ಬಿಡುವುದಿಲ್ಲ.

ರನ್ನಿಂಗ್ ಲಿಂಟಲ್‌ಗೆ ಬಾಗಿಲು, ಕಿಟಕಿಗಳ ಪಟ್ಟಿ ಬೇಡ, ಗೋಡೆಗಳ ಒಟ್ಟು ಉದ್ದ ಬೇಕು. ಮೂಲೆ, ಅಡ್ಡಗೋಡೆ ಸೇರುವ ಜಾಗಗಳನ್ನು ಎರಡು ಸಲ ಎಣಿಸಬಾರದು. ಇದೇ ಮನೆಯಲ್ಲಿ ಒಳಗೋಡೆ, ಹೊರಗೋಡೆ ಸೇರಿ 170 ಅಡಿ ಅಂದುಕೊಂಡರೆ ಲಿಂಟಲ್‌ಗೆ 64 ಘನ ಅಡಿ, 2 ಅಡಿಯ ಸಜ್ಜಾಗಳಿಗೆ 25, ಒಟ್ಟು 89 ಘನ ಅಡಿ. ಬಿಡಿ ಲಿಂಟಲ್‌ಗೆ ಬಂದ 48ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟು. ಸಿಮೆಂಟ್ 13 ಚೀಲದ ಬದಲು 24 ಚೀಲ ತರಿಸಬೇಕಾಗುತ್ತದೆ. ಕಂಬಿಯ ಉದ್ದ ಲೆಕ್ಕ ಹಾಕುವಾಗ ಜೋಡಣೆಯ ಜಾಗದಲ್ಲಿ ಒಂದರ ಮೇಲೊಂದು ಬರುವ ಕಂಬಿಯನ್ನೂ ಸೇರಿಸಿ, ಆ ಜೋಡಣೆ ಕಿಟಕಿಯ ನಡುವೆ ಬೀಳದೆ ಗೋಡೆಯ ಮೇಲೇ ಬರುವ ಹಾಗೆ ಕಂಬಿ ಕತ್ತರಿಸಿಸಿ.